ಅರವತ್ತನಾಲ್ಕರಲ್ಲಿ ಎರಡನ್ನು ಏಕೆ ಕಳೆಯಬೇಕು?

ಡಿಪ್ಲೊಮಾ ಇರಲಿ, ಬಿ.ಇ. ಇರಲಿ, ಗೇಟ್ ಇರಲಿ, ಕಂಪ್ಯೂಟರ್ ನೆಟ್‌ವರ್ಕ್ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಂಕಿಗಳಷ್ಟೇ ಬದಲಾಗುತ್ತವೆ. ‘192.168.10.77/26 ಎಂಬ ವಿಳಾಸವಿರುವ ಕಂಪ್ಯೂಟರ್ ಯಾವ ಬ್ಲಾಕಿಗೆ ಸೇರಿದ್ದು? ಆ ಬ್ಲಾಕಿನಲ್ಲಿ ಬಳಸಬಹುದಾದ ಹೋಸ್ಟ್ ವಿಳಾಸಗಳು ಎಷ್ಟು?’ ಕೆಳಗೆ ನಾಲ್ಕು ಆಯ್ಕೆಗಳು: 61, 62, 63, 64. ಸರಿಯುತ್ತರ 62. ಉಳಿದ ಮೂರು ಅಂಕಿಗಳೂ ಸುಮ್ಮನೆ ಬಂದವಲ್ಲ. ಲೆಕ್ಕ ಹಾಕುವವರು ಎಲ್ಲೆಲ್ಲಿ ಜಾರುತ್ತಾರೋ ಅಲ್ಲಲ್ಲಿ ಸಿಗುವ ಉತ್ತರಗಳು ಅವು.

ಐಪಿ ವಿಳಾಸ ಎಂದರೆ 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಸುಲಭವಾಗಲೆಂದು ಅದನ್ನು ಎಂಟೆಂಟು ಬಿಟ್‌ಗಳ ನಾಲ್ಕು ಭಾಗ ಮಾಡಿ, ನಡುವೆ ಚುಕ್ಕಿ ಇಟ್ಟು ಬರೆಯುತ್ತಾರೆ. ಹಾಗಾಗಿ ಪ್ರತಿ ಭಾಗವೂ 0ಯಿಂದ 255ರವರೆಗೆ ಇರಬಹುದು. ಕೊನೆಯಲ್ಲಿರುವ /26 ಹೇಳುವುದು ಇಷ್ಟೇ: ಮೊದಲ 26 ಬಿಟ್‌ಗಳು ನೆಟ್‌ವರ್ಕಿನ ಗುರುತು, ಉಳಿದ 6 ಬಿಟ್‌ಗಳು ಆ ನೆಟ್‌ವರ್ಕಿನೊಳಗಿನ ಯಂತ್ರದ ಗುರುತು. ಇದು ನಮ್ಮ ಲ್ಯಾಂಡ್‌ಲೈನ್ ಸಂಖ್ಯೆಯ ಹಾಗೆ. ಮೊದಲ ಸೊನ್ನೆ ಬಿಟ್ಟರೆ ಒಟ್ಟು ಹತ್ತು ಅಂಕಿ. ಬೆಂಗಳೂರಿನ ಎಸ್‌ಟಿಡಿ ಕೋಡ್ 80, ಆದ್ದರಿಂದ ಊರೊಳಗಿನ ಸಂಖ್ಯೆಗೆ ಎಂಟು ಅಂಕಿ ಸಿಗುತ್ತದೆ. ಮೈಸೂರಿನದು 821, ಉಳಿಯುವುದು ಏಳು. ಹಾಸನದ್ದು 8172, ಉಳಿಯುವುದು ಆರು. ಕೋಡ್ ಉದ್ದವಾದಷ್ಟೂ ಒಳಗೆ ಕೊಡಬಹುದಾದ ಸಂಖ್ಯೆಗಳು ಕಡಿಮೆ. ಐಪಿ ವಿಳಾಸದಲ್ಲಿಯೂ ಸ್ಲ್ಯಾಷ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬ್ಲಾಕ್ ಚಿಕ್ಕದಾಗುತ್ತದೆ.

ಈಗ ಲೆಕ್ಕ. 32ರಲ್ಲಿ 26 ಕಳೆದರೆ 6. ಆರು ಬಿಟ್‌ಗಳಲ್ಲಿ ಎರಡರ ಆರನೇ ಘಾತ, ಅಂದರೆ 64 ಬೇರೆ ಬೇರೆ ವಿಳಾಸಗಳು ಸಿಗುತ್ತವೆ. ಕೊನೆಯ ಭಾಗದಲ್ಲಿ ಬ್ಲಾಕುಗಳು 64ರ ಹೆಜ್ಜೆಯಲ್ಲಿ ಶುರುವಾಗುತ್ತವೆ: 0, 64, 128, 192. ನಮ್ಮ 77 ಬೀಳುವುದು 64ರಿಂದ 127ರವರೆಗಿನ ಬ್ಲಾಕಿನಲ್ಲಿ. ಇದರ ಮೊದಲ ವಿಳಾಸ 192.168.10.64. ಅದರ ಹೋಸ್ಟ್ ಭಾಗದ ಆರೂ ಬಿಟ್‌ಗಳು ಸೊನ್ನೆ. ಕೊನೆಯದು 192.168.10.127, ಅದರಲ್ಲಿ ಆರೂ ಬಿಟ್‌ಗಳು ಒಂದು. ಇವೆರಡನ್ನೂ ಬದಿಗಿಟ್ಟರೆ ಉಳಿಯುವುದು 65ರಿಂದ 126ರವರೆಗೆ, ಒಟ್ಟು 62. ಸೂತ್ರವಾಗಿ ಬರೆದರೆ, ಸ್ಲ್ಯಾಷ್ ಮುಂದಿನ ಅಂಕಿ n ಆಗಿದ್ದಾಗ:

```
2^(32-n) - 2
```

ಎರಡನ್ನು ಕಳೆಯುವುದನ್ನೇ ಮರೆತವರಿಗೆ 64 ಬರುತ್ತದೆ. ಒಂದನ್ನೇ ಕಳೆದವರಿಗೆ 63. ಮೊದಲ ಮತ್ತು ಕೊನೆಯ ಬಳಕೆಯ ವಿಳಾಸಗಳನ್ನು ಸರಿಯಾಗಿಯೇ ಕಂಡುಹಿಡಿದು, 126ರಿಂದ 65 ಕಳೆದು ಬಿಟ್ಟವರಿಗೆ 61. ಎರಡು ತುದಿಗಳೂ ಲೆಕ್ಕಕ್ಕೆ ಸೇರುವುದರಿಂದ ಕಳೆದ ಮೇಲೆ ಒಂದನ್ನು ಕೂಡಿಸಲೇಬೇಕು.

ಸೂತ್ರ ಬಾಯಿಪಾಠ ಮಾಡುವುದು ಕಷ್ಟವಲ್ಲ. ಆದರೆ ಆ ಎರಡು ವಿಳಾಸಗಳನ್ನು ತೆಗೆದಿಟ್ಟಿದ್ದು ಏಕೆಂದು ಗೊತ್ತಿಲ್ಲದಿದ್ದರೆ ಪ್ರಶ್ನೆ ಸ್ವಲ್ಪ ತಿರುಗಿದ ಕೂಡಲೇ ಸೂತ್ರ ಕೈಕೊಡುತ್ತದೆ. ಕೊನೆಯ ವಿಳಾಸದ ಕಾರಣ ಸರಳ. ಅದು ಬ್ರಾಡ್‌ಕಾಸ್ಟ್ ವಿಳಾಸ, ಅಂದರೆ ಅಲ್ಲಿಗೆ ಕಳಿಸಿದ ಸಂದೇಶ ಆ ಬ್ಲಾಕಿನ ಎಲ್ಲ ಯಂತ್ರಗಳಿಗೂ ಹೋಗಬೇಕು. ಎಲ್ಲರನ್ನೂ ಒಟ್ಟಿಗೆ ಕೂಗುವ ಹೆಸರನ್ನು ಒಂದೇ ಯಂತ್ರಕ್ಕೆ ಇಡುವಂತಿಲ್ಲ. ಮೊದಲ ವಿಳಾಸಕ್ಕೆ ಎರಡು ಕಾರಣಗಳಿವೆ. ರೂಟರ್‌ಗಳ ಪಟ್ಟಿಯಲ್ಲಿ ಇಡೀ ಬ್ಲಾಕನ್ನು ಸೂಚಿಸಲು ಬರೆಯುವುದು ಅದನ್ನೇ. ಎರಡನೆಯ ಕಾರಣ ಚರಿತ್ರೆಯದು. 1983ರಲ್ಲಿ ಬಂದ 4.2ಬಿಎಸ್‌ಡಿ ಎಂಬ ಯುನಿಕ್ಸ್, ಬ್ರಾಡ್‌ಕಾಸ್ಟ್‌ಗೆ ಎಲ್ಲ ಬಿಟ್‌ಗಳೂ ಸೊನ್ನೆ ಇರುವ ವಿಳಾಸವನ್ನೇ ಬಳಸುತ್ತಿತ್ತು. ಮುಂದಿನ ವರ್ಷ ಬಂದ ಶಿಷ್ಟತೆ ಎಲ್ಲ ಬಿಟ್‌ಗಳೂ ಒಂದು ಇರುವುದನ್ನು ಆರಿಸಿತು. ಆದರೆ ಹಳೆಯ ಯಂತ್ರಗಳು ಅಲ್ಲಲ್ಲಿ ಓಡುತ್ತಲೇ ಇದ್ದವು. ಅವುಗಳೊಂದಿಗೆ ಗೊಂದಲವಾಗಬಾರದೆಂದು ಸೊನ್ನೆಯ ವಿಳಾಸವನ್ನೂ ಮುಟ್ಟದೆ ಬಿಡುವುದು ನಿಯಮವಾಯಿತು. ಆ ಯಂತ್ರಗಳು ಮೂಲೆ ಸೇರಿ ಎಷ್ಟೋ ಕಾಲವಾಯಿತು. 2021ರಲ್ಲಿ ಲಿನಕ್ಸ್ ಕರ್ನಲ್, ಬ್ಲಾಕಿನ ಮೊದಲ ವಿಳಾಸವನ್ನೂ ಮಾಮೂಲಿ ವಿಳಾಸದಂತೆ ನೋಡಿಕೊಳ್ಳಲು ಶುರುಮಾಡಿತು. ಪರೀಕ್ಷೆಯ ಉತ್ತರ ಮಾತ್ರ ಬದಲಾಗಿಲ್ಲ, ಏಕೆಂದರೆ ಪಠ್ಯವೂ ಹೆಚ್ಚಿನ ಸಾಧನಗಳೂ ಇನ್ನೂ ಹಳೆಯ ನಿಯಮದಲ್ಲೇ ಇವೆ.

ಕಾರಣ ತಿಳಿದವರಿಗೆ ಒಂದು ಸಾಮಾನ್ಯ ಬಲೆ ತಾನಾಗಿ ಕಾಣುತ್ತದೆ. ‘10.20.45.0 ಮತ್ತು 10.20.44.255 ಇವುಗಳನ್ನು ಕಂಪ್ಯೂಟರಿಗೆ ಕೊಡಬಹುದೇ?’ ಎಂದು ಕೇಳಿ, ಬ್ಲಾಕ್ 10.20.44.0/22 ಎಂದು ಕೊಟ್ಟಿರುತ್ತಾರೆ. ಸೊನ್ನೆಯಲ್ಲಿ ಮುಗಿಯುವುದು ನೆಟ್‌ವರ್ಕ್, 255ರಲ್ಲಿ ಮುಗಿಯುವುದು ಬ್ರಾಡ್‌ಕಾಸ್ಟ್ ಎಂದು ನೆನಪಿಟ್ಟುಕೊಂಡವರು ಎರಡಕ್ಕೂ ಇಲ್ಲ ಎನ್ನುತ್ತಾರೆ. ಆದರೆ /22ರಲ್ಲಿ ಹೋಸ್ಟ್‌ಗೆ ಹತ್ತು ಬಿಟ್‌ಗಳಿವೆ, ಒಟ್ಟು 1024 ವಿಳಾಸಗಳು. ಬ್ಲಾಕ್ 10.20.44.0ರಿಂದ 10.20.47.255ರವರೆಗೆ ಹರಡಿದೆ. ಹತ್ತೂ ಬಿಟ್‌ಗಳು ಸೊನ್ನೆ ಇರುವುದು ಮೊದಲನೆಯದರಲ್ಲಿ ಮಾತ್ರ, ಹತ್ತೂ ಒಂದಾಗಿರುವುದು ಕೊನೆಯದರಲ್ಲಿ ಮಾತ್ರ. ನಡುವೆ ಬರುವ 44.255, 45.0 ಮುಂತಾದವೆಲ್ಲ ಯಾವ ಅಡ್ಡಿಯೂ ಇಲ್ಲದ ವಿಳಾಸಗಳೇ. ಬಳಸಬಹುದಾದವು 1022. ನಾಲ್ಕು ಸಲ 255 ಬಂತೆಂದು ನಾಲ್ಕು ಸಲ ಕಳೆಯುವ ಹಾಗಿಲ್ಲ.

ಬ್ಲಾಕನ್ನು ಒಡೆದಾಗ ಮಾತ್ರ ಕಳೆಯುವ ಸಲಗಳು ನಿಜವಾಗಿಯೂ ಹೆಚ್ಚುತ್ತವೆ. 192.168.10.0/24ನ್ನು ಒಂದೇ ನೆಟ್‌ವರ್ಕಾಗಿ ಇಟ್ಟರೆ 254 ಯಂತ್ರಗಳಿಗೆ ಜಾಗ. ಅದನ್ನೇ ನಾಲ್ಕು /26 ಸಬ್‌ನೆಟ್‌ಗಳಾಗಿ ಹಂಚಿದರೆ ಪ್ರತಿಯೊಂದೂ ತನ್ನ ಎರಡು ವಿಳಾಸಗಳನ್ನು ತೆಗೆದಿಡುತ್ತದೆ. ನಾಲ್ಕು ಸಲ 62 ಎಂದರೆ 248. ಹಳೆಯ ಪಠ್ಯಪುಸ್ತಕ ಇಟ್ಟುಕೊಂಡು ಓದಿದವರು ಇದೇ ಲೆಕ್ಕಕ್ಕೆ 124 ಎಂದೂ ಬರೆಯಬಹುದು. ಅದಕ್ಕೂ ಮೂಲವಿದೆ. 1985ರಲ್ಲಿ ಜೆಫ್ರಿ ಮೊಗುಲ್ ಮತ್ತು ಜಾನ್ ಪೋಸ್ಟೆಲ್ ಬರೆದ RFC 950 ಸಬ್‌ನೆಟ್ಟಿಂಗ್‌ನ ಕ್ರಮವನ್ನು ಗೊತ್ತುಮಾಡಿತು. ಒಡೆದ ಸಬ್‌ನೆಟ್‌ಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಬಳಸಬಾರದು ಎಂದು ಅದು ಹೇಳಿತ್ತು. ಆಗಿನ ರೂಟಿಂಗ್ ಪ್ರೋಟೋಕಾಲ್‌ಗಳು ವಿಳಾಸದ ಜೊತೆ ಮಾಸ್ಕನ್ನು ಕಳಿಸುತ್ತಿರಲಿಲ್ಲ. ಹೀಗಾಗಿ 192.168.10.0 ಎಂದರೆ ಇಡೀ ನೆಟ್‌ವರ್ಕೋ ಅದರ ಮೊದಲ ತುಂಡೋ ಎಂದು ಎದುರಿನ ರೂಟರಿಗೆ ತಿಳಿಯುತ್ತಿರಲಿಲ್ಲ. 1993ರಲ್ಲಿ ಸಿಐಡಿಆರ್ ಬಂತು, ಎಷ್ಟು ಬಿಟ್ ನೆಟ್‌ವರ್ಕಿಗೆ ಎಂಬುದು ವಿಳಾಸದ ಜೊತೆಗೇ ಸಾಗತೊಡಗಿತು, ಗೊಂದಲ ಹೋಯಿತು. 1995ರ RFC 1878 ಆ ಹಳೆಯ ಪದ್ಧತಿಯ ಕಾಲ ಮುಗಿಯಿತೆಂದು ಬರೆದೇಬಿಟ್ಟಿತು. ಈಗಿನ ಪ್ರಶ್ನೆಗೆ ಉತ್ತರ 248. ಪ್ರಶ್ನೆಯಲ್ಲೇ RFC 950ರ ಪ್ರಕಾರ ಎಂದಿದ್ದರೆ ಮಾತ್ರ ಎರಡು ಸಬ್‌ನೆಟ್ ಬಿಟ್ಟು 124.

ಸೂತ್ರ ಪೂರ್ತಿ ಮುರಿದುಬೀಳುವುದು ತೀರಾ ಚಿಕ್ಕ ಬ್ಲಾಕುಗಳಲ್ಲಿ. /31ಕ್ಕೆ ಹಾಕಿ ನೋಡಿದರೆ ಎರಡರಲ್ಲಿ ಎರಡು ಹೋಗಿ ಸೊನ್ನೆ. /32ಕ್ಕೆ ಹಾಕಿದರೆ ಒಂದರಲ್ಲಿ ಎರಡು ಕಳೆದು ಋಣ ಒಂದು! ಋಣ ಒಂದು ಯಂತ್ರ ಎಲ್ಲೂ ಇರುವುದಿಲ್ಲ. /32 ಎಂದರೆ ಒಂದೇ ಒಂದು ವಿಳಾಸ. ರೂಟರ್ ತನ್ನನ್ನು ತಾನು ಗುರುತಿಸಿಕೊಳ್ಳಲು ಇಡುವ ಲೂಪ್‌ಬ್ಯಾಕ್ ವಿಳಾಸಕ್ಕೆ ಅದನ್ನು ಬಳಸುತ್ತಾರೆ. /31ರ ವಿಷಯ ಬೇರೆ. ಎರಡು ರೂಟರ್‌ಗಳ ನಡುವೆ ಒಂದೇ ತಂತಿ ಇದ್ದರೆ ಅಲ್ಲಿ ಬ್ರಾಡ್‌ಕಾಸ್ಟ್‌ಗೆ ಅರ್ಥವಿಲ್ಲ. ಆ ಕಡೆ ಇರುವುದು ಒಬ್ಬನೇ, ಎಲ್ಲರನ್ನೂ ಕೂಗುವುದು ಯಾಕೆ? ಹಿಂದೆ ಇಂಥ ಕಡೆ /30 ಕೊಡುತ್ತಿದ್ದರು, ನಾಲ್ಕು ವಿಳಾಸಗಳಲ್ಲಿ ಅರ್ಧ ವ್ಯರ್ಥ. 2000ನೇ ಇಸವಿಯ RFC 3021 ಇಂಥ ನೇರ ಸಂಪರ್ಕಗಳಲ್ಲಿ /31ರ ಎರಡೂ ವಿಳಾಸಗಳನ್ನು ಬಳಸಲು ಒಪ್ಪಿಗೆ ಕೊಟ್ಟಿತು. ಪೈಥಾನ್ ಕೂಡ ಅದನ್ನೇ ಪಾಲಿಸುತ್ತದೆ. ಉತ್ತರ ತಾಳೆ ನೋಡಲು ಈ ಸಾಲುಗಳು ಸಾಕು:

```
import ipaddress
for b in ("192.168.10.64/26", "10.20.44.0/22", "10.0.0.0/31"):
    print(b, len(list(ipaddress.ip_network(b).hosts())))
```

ಕ್ರಮವಾಗಿ 62, 1022, 2 ಎಂದು ಬರುತ್ತದೆ.

ಪ್ರಶ್ನೆ ಮಾತಿನ ಲೆಕ್ಕವಾಗಿ ಬಂದಾಗ ಎಡವುವವರು ಇನ್ನೂ ಹೆಚ್ಚು. ‘ಒಂದು ಲ್ಯಾಬಿನಲ್ಲಿ 62 ಕಂಪ್ಯೂಟರ್‌ಗಳಿವೆ, ಅವನ್ನು ರೂಟರ್ ಮೂಲಕ ಹೊರಗಿನ ನೆಟ್‌ವರ್ಕಿಗೆ ಜೋಡಿಸಬೇಕು. ಅತಿ ಚಿಕ್ಕ ಬ್ಲಾಕ್ ಯಾವುದು?’ 62 ಕಂಡ ಕೂಡಲೇ ಕೈ /26 ಬರೆಯುತ್ತದೆ. ಆದರೆ ರೂಟರಿನ ಈ ಕಡೆಯ ಬಾಯಿಗೂ ಅದೇ ಬ್ಲಾಕಿನಲ್ಲಿ ಒಂದು ವಿಳಾಸ ಬೇಕು, ಕಂಪ್ಯೂಟರ್‌ಗಳಲ್ಲಿ ಗೇಟ್‌ವೇ ಎಂದು ಬರೆಯುವುದು ಅದನ್ನೇ. ಸೂತ್ರದ ಪ್ರಕಾರ ಅದೂ ಒಂದು ಹೋಸ್ಟ್. ಬೇಕಾದದ್ದು 63, ಇರುವುದು 62. ಹಾಗಾಗಿ 126 ಹೋಸ್ಟ್‌ಗಳ /25ಕ್ಕೆ ಹೋಗಬೇಕಾಗುತ್ತದೆ. ನಿಜವಾದ ಲ್ಯಾಬಿನಲ್ಲಿ ಈ ತಪ್ಪಾದರೆ ತಿಳಿಯುವುದು ಹೀಗೆ: ವಿಳಾಸ ಹಂಚುವ ಡಿಎಚ್‌ಸಿಪಿಯ ಬಳಿ ದಾಸ್ತಾನು ಮುಗಿದಿರುತ್ತದೆ. ಕೊನೆಗೆ ಆನ್ ಆದ ವಿಂಡೋಸ್ ಕಂಪ್ಯೂಟರ್ ಕಾದು ಕಾದು 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ಕೇಬಲ್ ಸರಿಯಿದ್ದರೂ ಅದಕ್ಕೆ ಇಂಟರ್‌ನೆಟ್ ಸಿಗುವುದಿಲ್ಲ.

ಕ್ಲೌಡ್‌ಗೆ ಹೋದರೆ ಕಳೆಯುವ ಅಂಕಿಯೇ ಬೇರೆ. ಅಮೆಜಾನಿನ ಎಡಬ್ಲ್ಯುಎಸ್ ತನ್ನ ಪ್ರತಿ ಸಬ್‌ನೆಟ್‌ನಲ್ಲಿ ಮೊದಲ ನಾಲ್ಕು ಮತ್ತು ಕೊನೆಯ ಒಂದು, ಒಟ್ಟು ಐದು ವಿಳಾಸಗಳನ್ನು ತನಗೆ ಇಟ್ಟುಕೊಳ್ಳುತ್ತದೆ. ನೆಟ್‌ವರ್ಕ್ ಗುರುತು, ಅದರ ರೂಟರ್, ಡಿಎನ್‌ಎಸ್, ಮುಂದಿನ ಬಳಕೆಗೆಂದು ಒಂದು, ಕೊನೆಯಲ್ಲಿ ಬ್ರಾಡ್‌ಕಾಸ್ಟ್. ಅಲ್ಲಿ ಬ್ರಾಡ್‌ಕಾಸ್ಟ್ ಸೌಲಭ್ಯವೇ ಇಲ್ಲ, ಆದರೂ ಆ ವಿಳಾಸ ಯಾರಿಗೂ ಸಿಗುವುದಿಲ್ಲ. ಅಲ್ಲಿ ಮಾಡಬಹುದಾದ ಅತಿ ಚಿಕ್ಕ ಸಬ್‌ನೆಟ್ /28. ಕಾಲೇಜಿನ ಪತ್ರಿಕೆಯಲ್ಲಿ ಅದರ ಉತ್ತರ 14. ಕ್ಲೌಡ್ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ 11.

ಆದ್ದರಿಂದ ಲೆಕ್ಕಕ್ಕೆ ಇಳಿಯುವ ಮುನ್ನ ಪ್ರಶ್ನೆಯ ಪದಗಳನ್ನು ನೋಡಿಕೊಳ್ಳಬೇಕು. ‘ಒಟ್ಟು ವಿಳಾಸಗಳು’ ಎಂದಿದ್ದರೆ ಏನನ್ನೂ ಕಳೆಯುವಂತಿಲ್ಲ. ‘ಬಳಸಬಹುದಾದ ಹೋಸ್ಟ್’ ಎಂದಿದ್ದರೆ ಎರಡು. ಬ್ಲಾಕನ್ನು ಒಡೆಯಿರಿ ಎಂದಿದ್ದರೆ ಪ್ರತಿ ತುಂಡಿಗೂ ಎರಡೆರಡು. ‘ಕಂಪ್ಯೂಟರ್‌ಗಳು’ ಎಂದು ಕೇಳಿ ರೂಟರಿನ ಮಾತೆತ್ತಿದ್ದರೆ ಅದಕ್ಕೂ ಒಂದು. ‘ಎರಡು ರೂಟರ್‌ಗಳ ನಡುವಿನ ನೇರ ಸಂಪರ್ಕ’ ಎಂದು ಹೇಳಿ /31 ಕೊಟ್ಟಿದ್ದರೆ ಉತ್ತರ ಎರಡು. ಬರಿಯ /31 ಕೊಟ್ಟು ಸೂತ್ರದ ಉತ್ತರ ಬಯಸುವವರೂ ಇದ್ದಾರೆ. ವಿವರಣಾತ್ಮಕ ಪತ್ರಿಕೆಯಾದರೆ ಅಂಥ ಕಡೆ ಉತ್ತರದ ಪಕ್ಕದಲ್ಲೇ RFC 3021 ಎಂದು ಒಂದು ಸಾಲು ಬರೆದಿಟ್ಟರೆ, ಸೊನ್ನೆಯ ಬದಲು ಎರಡು ಏಕೆ ಬಂತೆಂದು ಮೌಲ್ಯಮಾಪಕರಿಗೆ ತಿಳಿಯುತ್ತದೆ.