ಮೊಬೈಲಿನಲ್ಲಿ ಬಂದ ವಿದ್ಯುತ್ ಬಿಲ್: ಮೊತ್ತ ಸರಿಯೇ ಎಂದು ಮನೆಯಲ್ಲೇ ತಾಳೆ ನೋಡುವ ಬಗೆ

ಕಾಸರಗೋಡು ಜಿಲ್ಲೆಯ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಕೇರಳ ರಾಜ್ಯ ವಿದ್ಯುತ್ ಮಂಡಳಿಯ ಬಿಲ್ ಬರುತ್ತದೆ. ಮೀಟರ್ ನೋಡಲು ಬಂದವರು ಕೊಡುವ ಕಿರುಚೀಟಿ ಕೆಲವೇ ವಾರಗಳಲ್ಲಿ ಮಾಸಿಹೋಗುವುದರಿಂದ, ಅನೇಕ ಮನೆಗಳಲ್ಲಿ ಈಗ ಬಿಲ್ ಎಂದರೆ ಮೊಬೈಲಿನಲ್ಲಿರುವ ಒಂದು ಸ್ಕ್ರೀನ್‌ಶಾಟ್. ಅದರಲ್ಲಿರುವ ಭಾಷೆ ಇಂಗ್ಲಿಷ್ ಅಥವಾ ಮಲಯಾಳ. ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಕೊನೆಯ ಮೊತ್ತವನ್ನಷ್ಟೇ ನೋಡಿ ಹಣ ಕಟ್ಟುವುದು ರೂಢಿಯಾಗಿದೆ. ಆದರೆ ಆ ಮೊತ್ತ ಹುಟ್ಟುವುದು ಕೂಡಿಸು, ಕಳೆ, ಗುಣಿಸು ಎಂಬ ಮೂರು ಲೆಕ್ಕಗಳಿಂದ. ಬಿಲ್ಲಿನ ಏಳೆಂಟು ಪದಗಳ ಅರ್ಥ ತಿಳಿದರೆ ಅದನ್ನು ನಾವೇ ತಾಳೆ ನೋಡಬಹುದು.

ಮೊದಲು ಮೀಟರ್ ಅಂಕಿಗಳನ್ನು ಹುಡುಕಬೇಕು. `CURR` ಎಂದರೆ ಈ ಬಾರಿಯ ರೀಡಿಂಗ್, `PREV` ಎಂದರೆ ಹಿಂದಿನ ಬಾರಿಯ ರೀಡಿಂಗ್, `CONS` ಎಂದರೆ ಬಳಸಿದ ಯೂನಿಟ್. ಮಾದರಿಗಾಗಿ ಸಿಂಗಲ್ ಫೇಸ್ ಸಂಪರ್ಕವಿರುವ ಒಂದು ಮನೆಯ ಬಿಲ್ಲನ್ನು ತೆಗೆದುಕೊಳ್ಳೋಣ. `CURR` 8123, `PREV` 7837, `CONS` 286 ಎಂದಿದೆ. 8123ರಿಂದ 7837ನ್ನು ಕಳೆದರೆ 286. ಅಂಕಿಗಳು ಹೊಂದಿದವು.

ಈ ಕಳೆಯುವ ಲೆಕ್ಕದಿಂದ ಇನ್ನೊಂದು ಪ್ರಯೋಜನವಿದೆ. ಒಬ್ಬರಿಂದ ಒಬ್ಬರಿಗೆ ಕಳುಹಿಸುತ್ತ ಬಂದ ಸ್ಕ್ರೀನ್‌ಶಾಟ್ ಮಸುಕಾಗಿ 3 ಮತ್ತು 8, 1 ಮತ್ತು 7 ಒಂದೇ ತೆರನಾಗಿ ಕಾಣುತ್ತವೆ. 8123ನ್ನು 8128 ಎಂದು ಓದಿಕೊಂಡರೆ ವ್ಯತ್ಯಾಸ 291 ಆಗುತ್ತದೆ, ಬಿಲ್ಲಿನಲ್ಲಿರುವ 286ಕ್ಕೆ ಹೊಂದುವುದಿಲ್ಲ. ಆದ್ದರಿಂದ ವ್ಯತ್ಯಾಸ ಕಂಡ ಕೂಡಲೇ ಬಿಲ್ ತಪ್ಪೆಂದು ತೀರ್ಮಾನಿಸದೆ, ಚಿತ್ರವನ್ನು ದೊಡ್ಡದು ಮಾಡಿ ಇನ್ನೊಮ್ಮೆ ಓದಬೇಕು.

ಎರಡನೆಯ ಹೆಜ್ಜೆ ಯೂನಿಟ್ ದರ. ಬಿಲ್ಲಿನಲ್ಲಿ `Energy Charge` ಒಂದೇ ಮೊತ್ತವಾಗಿ ಕಂಡರೂ, ಅದರೊಳಗೆ ಹಂತ ಹಂತದ ದರಗಳಿರುತ್ತವೆ. ಕೇರಳ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗವು 2024ರ ಡಿಸೆಂಬರಿನಲ್ಲಿ ಹೊರಡಿಸಿದ ಆದೇಶದಂತೆ, 2025ರ ಏಪ್ರಿಲ್ 1ರಿಂದ ಗೃಹಬಳಕೆಗೆ ತಿಂಗಳ ಮೊದಲ 50 ಯೂನಿಟ್‌ಗೆ ತಲಾ 3.35 ರೂಪಾಯಿ, ಅನಂತರದ 50ಕ್ಕೆ 4.25, ಮೂರನೆಯ 50ಕ್ಕೆ 5.35, ನಾಲ್ಕನೆಯದಕ್ಕೆ 7.20, ಐದನೆಯದಕ್ಕೆ 8.50 ರೂಪಾಯಿ. ನಮ್ಮ ಬಿಲ್ ಎರಡು ತಿಂಗಳದ್ದಾದುದರಿಂದ ಪ್ರತಿ ಹಂತದ 50ನ್ನು 100 ಎಂದು ಎಣಿಸಬೇಕು. ದರಗಳು ಪರಿಷ್ಕರಣೆಯಾಗುತ್ತಿರುವುದರಿಂದ, ಬಿಲ್ಲಿನ ದಿನಾಂಕಕ್ಕೆ ಜಾರಿಯಲ್ಲಿದ್ದ ದರವನ್ನೇ ಬಳಸಬೇಕು.

286 ಯೂನಿಟ್‌ಗಳ ಲೆಕ್ಕ ಹೀಗಾಗುತ್ತದೆ:

```
100 × 3.35 =  335.00
100 × 4.25 =  425.00
 86 × 5.35 =  460.10
ಒಟ್ಟು      = 1220.10
```

286 ಯೂನಿಟ್‌ಗೂ 5.35 ರೂಪಾಯಿಯಂತೆ ಗುಣಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಮೇಲಿನ ದರವು ಆ ಹಂತಕ್ಕೆ ಬಂದ 86 ಯೂನಿಟ್‌ಗೆ ಮಾತ್ರ ಅನ್ವಯಿಸುತ್ತದೆ.

ಇನ್ನು ಉಳಿದ ಸಾಲುಗಳು. `Duty` ಎಂದರೆ ಸರಕಾರಕ್ಕೆ ಸಲ್ಲುವ ವಿದ್ಯುತ್ ಸುಂಕ. ಅದು ಯೂನಿಟ್ ಶುಲ್ಕದ ನೂರಕ್ಕೆ 10, ಅಂದರೆ ಇಲ್ಲಿ 122.01. `Fixed Charge` ಎಂಬ ನಿಗದಿತ ಶುಲ್ಕ ಈ ಬಿಲ್ಲಿನಲ್ಲಿ ಎರಡು ತಿಂಗಳಿಗೆ 210 ರೂಪಾಯಿ. ಬಳಕೆಯ ಹಂತ ಏರಿದಂತೆ ಇದೂ ಏರುತ್ತದೆ, ತ್ರೀ ಫೇಸ್ ಮನೆಗಳಿಗೆ ಇನ್ನೂ ಹೆಚ್ಚು. `Fuel Surcharge` ಎಂಬ ಇಂಧನ ಸರ್‌ಚಾರ್ಜ್ ಯೂನಿಟ್‌ಗೆ ಇಂತಿಷ್ಟು ಪೈಸೆಯೆಂದು ಬರುತ್ತದೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನಮ್ಮ ಮಾದರಿಯಲ್ಲಿ ಅದನ್ನು 10 ಪೈಸೆಯೆಂದು ಹಿಡಿದರೆ 28.60. `Meter Rent` 12 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 2.16. ಇವೆಲ್ಲವನ್ನೂ ಕೂಡಿಸೋಣ:

```
1220.10 + 122.01 + 210.00 + 28.60 + 14.16 = 1594.87
```

ಬಿಲ್ಲಿನಲ್ಲಿ 1,595 ಎಂದಿದ್ದರೆ ಲೆಕ್ಕ ಸರಿಯಾಗಿದೆ. ಪೈಸೆಗಳ ವ್ಯತ್ಯಾಸಕ್ಕೆ ಚಿಂತಿಸಬೇಕಿಲ್ಲ. ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ಮೊದಲು ಎರಡು ಸಾಲುಗಳನ್ನು ನೋಡಬೇಕು. `Arrear` ಎಂದರೆ ಹಿಂದಿನ ಬಾಕಿ. `Subsidy` ಎಂದಿರುವ ಸಾಲುಗಳು ಕಡಿಮೆ ಬಳಕೆಯ ಮನೆಗಳಿಗೆ ಸರಕಾರ ನೀಡುವ ರಿಯಾಯಿತಿ, ಇವುಗಳನ್ನು ಕಳೆಯಬೇಕು. ಸ್ಕ್ರೀನ್‌ಶಾಟಿನಲ್ಲಿ ಕಳೆಯುವ ಗುರುತಾದ ಅಡ್ಡಗೆರೆ ಕಾಣದೆ ಹೋಗುವುದುಂಟು. ಹಾಗಾದಾಗ ನಮ್ಮ ಮೊತ್ತಕ್ಕೂ ಬಿಲ್ಲಿಗೂ ಇರುವ ಅಂತರ ಆ ರಿಯಾಯಿತಿಯ ಸರಿಯಾಗಿ ಎರಡರಷ್ಟಿರುತ್ತದೆ.

ಇಷ್ಟೆಲ್ಲ ತಾಳೆ ನೋಡುವುದರ ನಿಜವಾದ ಅಗತ್ಯ ಬೇಸಿಗೆಯ ಬಿಲ್ಲಿನಲ್ಲಿ ಕಾಣುತ್ತದೆ. ತೋಟದ ಮನೆಯಿರಲಿ ಪೇಟೆಯ ಮನೆಯಿರಲಿ, ಹಗಲಿರುಳು ಫ್ಯಾನ್ ತಿರುಗುವ ಆ ತಿಂಗಳುಗಳಲ್ಲಿ ಬಳಕೆ 500 ಯೂನಿಟ್‌ನ ಹತ್ತಿರ ಬರಬಹುದು. ತಿಂಗಳಿಗೆ 250, ಅಂದರೆ ಎರಡು ತಿಂಗಳಿಗೆ 500 ಯೂನಿಟ್ ದಾಟಿದರೆ ಮೇಲೆ ಹೇಳಿದ ಹಂತಗಳೇ ಇರುವುದಿಲ್ಲ. ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಒಂದೇ ದರ ಬೀಳುತ್ತದೆ. 600 ಯೂನಿಟ್ ವರೆಗೆ ಆ ದರ 6.75 ರೂಪಾಯಿ.

498 ಯೂನಿಟ್ ಬಳಸಿದ ಮನೆಗೆ ಹಂತಗಳ ಪ್ರಕಾರ ಯೂನಿಟ್ ಶುಲ್ಕ 2,848 ರೂಪಾಯಿ. 504 ಯೂನಿಟ್ ಬಳಸಿದ ಮನೆಗೆ 504ನ್ನು 6.75ರಿಂದ ಗುಣಿಸಿದರೆ 3,402. ಆರೇ ಯೂನಿಟ್‌ಗೆ 554 ರೂಪಾಯಿ ಹೆಚ್ಚು, ಅದರ ಮೇಲೆ ಸುಂಕ ಬೇರೆ. ಇದು ಬಿಲ್ಲಿನ ತಪ್ಪಲ್ಲ, ದರಪಟ್ಟಿಯ ನಿಯಮ. ಆದರೆ ಈ ಗಡಿಯ ಬಳಿ ರೀಡಿಂಗ್‌ನ ಒಂದು ಅಂಕಿ ತಪ್ಪಿದರೂ ನಷ್ಟ ದೊಡ್ಡದು.

ಹಾಗಾಗಿ 500 ದಾಟಿದ ಬಿಲ್ಲಿನಲ್ಲಿ ಎರಡು ರೀಡಿಂಗ್‌ಗಳ ದಿನಾಂಕಗಳನ್ನೂ ನೋಡಬೇಕು. ರೀಡಿಂಗ್ ತಡವಾಗಿ 70 ದಿನಗಳ ಬಳಕೆ 546 ಯೂನಿಟ್ ಎಂದು ಬಂದಿದೆ ಎನ್ನೋಣ. 546ನ್ನು 70ರಿಂದ ಭಾಗಿಸಿದರೆ ದಿನಕ್ಕೆ 7.8 ಯೂನಿಟ್, 60 ದಿನಗಳಿಗೆ 468. ಆ ಮನೆಯ ಎರಡು ತಿಂಗಳ ಬಳಕೆ 500 ದಾಟಿಲ್ಲ. ಆದರೂ 546ಕ್ಕೂ 6.75ರ ದರವನ್ನೇ ಹಾಕಿದ್ದರೆ, ಹಂತವನ್ನು ಎಷ್ಟು ದಿನಗಳ ಲೆಕ್ಕದಲ್ಲಿ ನಿರ್ಧರಿಸಲಾಗಿದೆ ಎಂದು ಸೆಕ್ಷನ್ ಕಚೇರಿಯಲ್ಲಿ ಕೇಳಬೇಕು.

ಕಾಗದದ ಮೇಲಿನ ಲೆಕ್ಕ ಸರಿಯಿದ್ದ ಮಾತ್ರಕ್ಕೆ ರೀಡಿಂಗ್ ಸರಿಯೆಂದಾಗುವುದಿಲ್ಲ. ಬಿಲ್ ಬಂದ ದಿನವೇ ಮೀಟರಿನ ಮುಂದೆ ನಿಂತು `kWh` ಎಂದಿರುವ ಅಂಕಿಯನ್ನು ನೋಡಬೇಕು. ಅದು `CURR` ಅಂಕಿಗೆ ಸಮನಾಗಿರಬೇಕು ಅಥವಾ ತುಸು ಮುಂದಿರಬೇಕು. ಹಿಂದಿದ್ದರೆ ರೀಡಿಂಗ್ ತಪ್ಪಿದೆ. ಮೀಟರಿನ ಅಂಕಿಯೂ ಕ್ರಮಸಂಖ್ಯೆಯೂ ಕಾಣುವಂತೆ ಫೋಟೊ ತೆಗೆದು, ಬಿಲ್ಲಿನ ಪ್ರತಿಯೊಡನೆ ಸೆಕ್ಷನ್ ಕಚೇರಿಗೆ ಲಿಖಿತವಾಗಿ ಕೊಡಬೇಕು. 1912 ಸಂಖ್ಯೆಗೆ ಕರೆಮಾಡಿಯೂ ದೂರು ದಾಖಲಿಸಬಹುದು. ಮಸುಕಾದ ಸ್ಕ್ರೀನ್‌ಶಾಟಿನ ಬದಲು ಮೂಲ ಬಿಲ್ ಬೇಕಿದ್ದರೆ, ಕನ್ಸ್ಯೂಮರ್ ಸಂಖ್ಯೆಯನ್ನು ಬಳಸಿ `wss.kseb.in` ತಾಣದಿಂದ ಪಡೆಯಬಹುದು.

ಪ್ರತಿ ಬಿಲ್ಲಿನ ದಿನಾಂಕ, ರೀಡಿಂಗ್, ಯೂನಿಟ್, ಮೊತ್ತ ಈ ನಾಲ್ಕನ್ನು ಒಂದು ನೋಟುಪುಸ್ತಕದಲ್ಲಿ ಮಕ್ಕಳ ಕೈಯಿಂದ ಕನ್ನಡದಲ್ಲೇ ಬರೆಸಿಡೋಣ. ಮುಂದಿನ ಬಿಲ್ಲಿನ `PREV` ಅಂಕಿ ಅಲ್ಲಿ ಬರೆದಿಟ್ಟ ರೀಡಿಂಗ್‌ಗೆ ಹೊಂದಲೇಬೇಕು.