ವಿಮಾನ ಹತ್ತುವ ಮುನ್ನ ಅಳಿಸಲು ಹೊರಟಿದ್ದು

ಮೈಸೂರಿನ ನಮ್ಮ ನೆಂಟರ ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಳು. ಸೂಟ್‌ಕೇಸ್ ತೂಗಿ ನೋಡಿದ್ದಾಗಿತ್ತು, ಚಟ್ನಿಪುಡಿ ಡಬ್ಬಕ್ಕೆ ಟೇಪು ಸುತ್ತಿದ್ದಾಗಿತ್ತು. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಬಂದು ಕೂತಳು.

"ಚಿಕ್ಕಮ್ಮ, ಎಲ್ಲಾ ಡಿಲೀಟ್ ಮಾಡ್ಬಿಡ್ತೀನಿ. ಜಿಮೇಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯಾವುದೂ ಬೇಡ."

ಹಿಂದಿನ ವರ್ಷ ಅವಳ ನಿಶ್ಚಿತಾರ್ಥ ಮುರಿದುಬಿದ್ದಿತ್ತು. ಆ ಹುಡುಗನ ಜೊತೆಗಿನ ಫೋಟೋಗಳು ಎಲ್ಲಿ ನೋಡಿದರೂ ಕಣ್ಣಿಗೆ ಬೀಳುತ್ತಿದ್ದವು. ಹೊಸ ಊರಿಗೆ ಅವನ್ನು ಹೊತ್ತುಕೊಂಡು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಆ ಆಸೆ ನ್ಯಾಯವಾದದ್ದೇ. ಆದರೆ ಅವಳು ಮೊದಲು ಕೈ ಹಾಕಿದ್ದು ಜಿಮೇಲ್‌ಗೆ. ನಾನು ತಡೆದೆ.

ಇಮೇಲ್ ಉಳಿದೆಲ್ಲ ಖಾತೆಗಳ ಬೀಗದ ಕೈ. ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಮರೆತಿದ್ದರೆ ಅದನ್ನು ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ವಿಶ್ವವಿದ್ಯಾಲಯದ ಪತ್ರ, ವಿಮಾನದ ಟಿಕೆಟ್, ಬ್ಯಾಂಕಿನ ಸೂಚನೆಗಳೂ ಅಲ್ಲಿಗೇ ಬರುತ್ತವೆ. ಗೂಗಲ್ ಖಾತೆಯನ್ನೇ ಅಳಿಸಿದರೆ ಸ್ವಲ್ಪ ದಿನದೊಳಗೆ ಮರಳಿ ಪಡೆಯುವ ಸಾಧ್ಯತೆ ಇದೆ, ಖಾತ್ರಿ ಇಲ್ಲ. ಹಾಗಾಗಿ ಅಳಿಸುವುದೇ ಆದರೂ ಇಮೇಲ್ ಸರದಿ ಕೊನೆಯದು. ಅದಕ್ಕೂ ಮೊದಲು ಗೂಗಲ್‌ನ 'ಟೇಕ್‌ಔಟ್' ಸೌಲಭ್ಯದಿಂದ ಪತ್ರಗಳನ್ನೂ ಚಿತ್ರಗಳನ್ನೂ ಇಳಿಸಿಕೊಳ್ಳಬೇಕು. ಹಲವು ವರ್ಷಗಳ ಸಂಗ್ರಹವಾದರೆ ಆ ಕಡತ ಸಿದ್ಧವಾಗಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಹೊರಡುವ ಹಿಂದಿನ ರಾತ್ರಿ ಶುರುಮಾಡುವ ಕೆಲಸ ಇದಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿಯೂ ಗುಂಡಿ ಒತ್ತಿದ ಕೂಡಲೇ ಖಾತೆ ನಾಶವಾಗುವುದಿಲ್ಲ. ಬೇರೆಯವರ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ. 30 ದಿನದೊಳಗೆ ಒಳಗೆ ಹೋಗಿ ಮನಸ್ಸು ಬದಲಿಸಬಹುದು. ಆ ಗಡುವು ದಾಟಿದ ಮೇಲೂ ಸರ್ವರ್‌ಗಳಿಂದ ಪೂರ್ತಿ ಅಳಿಯಲು ಅಳಿಸುವ ಪ್ರಕ್ರಿಯೆ ಶುರುವಾದಾಗಿನಿಂದ 90 ದಿನದವರೆಗೆ ಹಿಡಿಯಬಹುದು.

ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ತೊಡಕಿದೆ. 2019ರಿಂದ ಅಲ್ಲಿನ ವೀಸಾ ಅರ್ಜಿ ಡಿಎಸ್-160ರಲ್ಲಿ ಹಿಂದಿನ 5 ವರ್ಷ ಬಳಸಿದ ಜಾಲತಾಣ ಖಾತೆಗಳ ಹೆಸರು ಬರೆಯಬೇಕು. ಅದನ್ನು ಬಿಟ್ಟರೆ ವೀಸಾ ನಿರಾಕರಿಸಬಹುದು. ವಿದ್ಯಾರ್ಥಿ ವೀಸಾ ಕೇಳುವವರು ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು 2025ರ ಜೂನ್‌ನಲ್ಲಿ ಸೂಚನೆ ಬಂತು. ಅಲ್ಲಿ ಇಳಿದಾಗ ಫೋನ್ ತಪಾಸಣೆ ಮಾಡುವ ಅಧಿಕಾರವೂ ಗಡಿ ಅಧಿಕಾರಿಗಳಿಗಿದೆ. ಅರ್ಜಿಯಲ್ಲಿ ಹೆಸರಿರುವ ಖಾತೆಗಳು ಹಿಂದಿನ ರಾತ್ರಿಯೇ ಮಾಯವಾದರೆ ಇಲ್ಲದ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಂಡಂತೆ. ಖಾತೆ ಇರಲಿ, ನಿಶ್ಚಿತಾರ್ಥದ ಆಲ್ಬಂ ಮಾತ್ರ ತೆಗೆ ಎಂದೆ.

ಹಾಗೇ ಮಾಡಿದಳು. ಅದರಲ್ಲೂ ಒಂದು ಎಚ್ಚರ ಬೇಕು. ತೆಗೆದ ಚಿತ್ರ ಮೊದಲು ಟ್ರ್ಯಾಶ್‌ಗೆ ಹೋಗುತ್ತದೆ. ಫೇಸ್‌ಬುಕ್‌ನಲ್ಲಿ ಅದು 30 ದಿನ ಅಲ್ಲೇ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ 60 ದಿನ ಇರುತ್ತದೆ. ಅಲ್ಲಿಗೂ ಹೋಗಿ ಖಾಲಿ ಮಾಡಿದರೆ ಮಾತ್ರ ಕೆಲಸ ಮುಗಿಯಿತು.

ಮುಗಿಯದೇ ಉಳಿದದ್ದು ವಾಟ್ಸಾಪ್. ಎಲ್ಲರ ಫೋನಿನಿಂದಲೂ ಸಂದೇಶ ಅಳಿಸುವ ಅವಕಾಶ ಅಲ್ಲಿ ಸುಮಾರು ಎರಡೂವರೆ ದಿನದವರೆಗೆ ಮಾತ್ರ. ವರ್ಷದ ಹಿಂದೆ ಕುಟುಂಬದ ಗುಂಪಿಗೆ ಹಾಕಿದ ಫೋಟೋಗಳು ಆ ಗಡುವನ್ನು ಎಂದೋ ದಾಟಿದ್ದವು. ತನ್ನ ಖಾತೆಯನ್ನೇ ಅಳಿಸಿದರೂ ಅತ್ತೆ, ಮಾವ, ಸೋದರರ ಫೋನಿನಲ್ಲಿ ಅವು ಹಾಗೇ ಇರುತ್ತವೆ. ದೊಡ್ಡಮ್ಮನ ಫೇಸ್‌ಬುಕ್ ಪುಟದಲ್ಲಿ ಅವಳು ಉಂಗುರ ತೊಡುತ್ತಿರುವ ಚಿತ್ರವಿತ್ತು. ಟ್ಯಾಗ್ ತೆಗೆದಳು. ಹೆಸರು ಹೋಯಿತು, ಚಿತ್ರ ಉಳಿಯಿತು.

ಕಾನೂನು ಇಲ್ಲಿ ಎಷ್ಟು ದೂರ ಬರುತ್ತದೆ? 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ತಂದೆಯ ಅರ್ಜಿಯ ಮೇಲೆ ಮಹತ್ವದ ಆದೇಶ ನೀಡಿತು. ಹಳೆಯ ಪ್ರಕರಣವೊಂದರಲ್ಲಿದ್ದ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಹೇಳಿತು. ದೃಢೀಕೃತ ಪ್ರತಿ ಕೇಳಿದರೆ ಅದರಲ್ಲಿ ಹೆಸರು ಇರುತ್ತದೆ ಎಂದೂ ಸ್ಪಷ್ಟಪಡಿಸಿತು. ಸಂಸ್ಥೆಗಳ ಬಳಿ ಇರುವ ನಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೊಟ್ಟಿದೆ. ಆದರೆ ಒಬ್ಬ ವ್ಯಕ್ತಿ ಸ್ವಂತಕ್ಕೆ, ಮನೆಯ ಉಪಯೋಗಕ್ಕೆ ಬಳಸುವ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ದೊಡ್ಡಮ್ಮನ ಫೋನಿನ ಗ್ಯಾಲರಿ ಅದರ ಕೈಗೆ ಸಿಗುವುದಿಲ್ಲ.

ಕೊನೆಗೆ ಅವಳು ದೊಡ್ಡಮ್ಮನಿಗೆ ಫೋನ್ ಮಾಡಬೇಕಾಯಿತು. ಅಷ್ಟು ಕೇಳಲು ಅವಳು ಎಷ್ಟು ಹಿಂಜರಿದಳೆಂಬುದನ್ನು ನಾನು ಕಣ್ಣಾರೆ ಕಂಡೆ. ನಿಮ್ಮ ಮನೆಯ ಹುಡುಗಿಯೊಬ್ಬಳು ಹೀಗೆ ಕೇಳಿದರೆ ಕಾರಣ ವಿಚಾರಿಸಬೇಡಿ, ಬುದ್ಧಿ ಹೇಳಬೇಡಿ. ಅವಳು ಫೋನ್ ಇಡುವ ಮೊದಲೇ ಆ ಚಿತ್ರ ತೆಗೆದುಬಿಡಿ.