ಎಷ್ಟು ಹೊತ್ತಿನ ತನಕ, ಯಾರ್ಯಾರು ಬರ್ತಾರೆ, ಬೋರ್ಡ್ ಎಲ್ಲಿ?

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂನಂಥ ಬಡಾವಣೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮಾಲೀಕರ ಮನೆ, ನಡುವಿನ ಮಹಡಿ ಖಾಲಿ ಇರುವ ಕಟ್ಟಡಗಳು ಹೆಜ್ಜೆಗೊಂದು ಸಿಗುತ್ತವೆ. ನಾಲ್ಕೈದು ಜನರ ಹೊಸ ಕಂಪನಿಗೆ ಇದು ಹೇಳಿ ಮಾಡಿಸಿದಂಥ ಜಾಗ. ಬಾಡಿಗೆ ಕೈಗೆಟುಕುತ್ತದೆ, ಮನೆಯೂ ಹತ್ತಿರ. ಆದರೆ ಇಂಥ ಕಡೆ ಬಾಗಿಲು ತಟ್ಟುವ ಯುವ ಉದ್ಯಮಿಗಳು ತಮ್ಮ ಕಂಪನಿ ಏನು ಮಾಡುತ್ತದೆ ಎಂದು ವಿವರಿಸುವುದರಲ್ಲೇ ಅರ್ಧ ಗಂಟೆ ಕಳೆಯುತ್ತಾರೆ. ಮಾಲೀಕರಿಗೆ ಬೇಕಾಗಿರುವುದು ಬೇರೆಯೇ. ಆಫೀಸು ಎಷ್ಟು ಹೊತ್ತಿನ ತನಕ ತೆಗೆದಿರುತ್ತದೆ, ಯಾರ್ಯಾರು ಬಂದು ಹೋಗುತ್ತಾರೆ, ಬೋರ್ಡ್ ಎಲ್ಲಿ ಹಾಕುತ್ತೀರಿ?

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡುವ ಯುವತಿಯೊಬ್ಬಳು ತನ್ನ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಜಾಗ ಹುಡುಕುತ್ತಿದ್ದಾಳೆ. ಅವಳನ್ನೂ ಸೇರಿಸಿ ಐದು ಜನ. ಸಿಕ್ಕಿರುವುದು 380 ಚದರಡಿಯ ಒಂದನೇ ಮಹಡಿ. ಕೆಳಗೆ ಮೆಡಿಕಲ್ ಸ್ಟೋರ್, ಮೇಲೆ ನಿವೃತ್ತ ಮೇಷ್ಟ್ರ ಮನೆ. ಬಾಡಿಗೆ ತಿಂಗಳಿಗೆ 14,000 ರೂಪಾಯಿ, ಅಡ್ವಾನ್ಸ್ ಆರು ತಿಂಗಳದ್ದು, ಅಂದರೆ 84,000. ಮೇಷ್ಟ್ರು ಮೊದಲು ಕೇಳಿದ್ದೇ, “ರಾತ್ರಿ ಎಷ್ಟೊತ್ತಿನವರೆಗೆ ಇರ್ತೀರಮ್ಮಾ?”

ಇಲ್ಲಿ ಹೆಚ್ಚಿನವರ ಬಾಯಿಗೆ ಬರುವ ಉತ್ತರ, “ಹಾಗೇನಿಲ್ಲ ಸರ್, ಫ್ಲೆಕ್ಸಿಬಲ್ ಟೈಮಿಂಗು.” ಮಾಲೀಕರಿಗೆ ಇದು ನಡುರಾತ್ರಿ ಗೇಟು ಕಿರುಗುಟ್ಟುವ ಸದ್ದಾಗಿ ಕೇಳಿಸುತ್ತದೆ. ಮೆಟ್ಟಿಲು ಒಂದೇ, ಗೇಟು ಒಂದೇ, ಹತ್ತು ಗಂಟೆಗೆ ಬೀಗ ಹಾಕುವವರು ಅವರೇ. ಆದ್ದರಿಂದ ಹೇಳಬೇಕಾದ್ದು ನಿಖರವಾದ ಹೊತ್ತು. ನಮ್ಮ ಯುವತಿಯ ಉತ್ತರ ಹೀಗಿತ್ತು: ಸೋಮವಾರದಿಂದ ಶನಿವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ, ಭಾನುವಾರ ರಜೆ, ತಂತ್ರಾಂಶದ ಹೊಸ ಆವೃತ್ತಿ ಬಿಡುಗಡೆಯಾಗುವಾಗ, ಅಂದರೆ ತಿಂಗಳಿಗೆ ಎರಡು ರಾತ್ರಿ, ಹನ್ನೊಂದರವರೆಗೆ ಇಬ್ಬರು ಇರುತ್ತೇವೆ, ಹಿಂದಿನ ದಿನವೇ ತಿಳಿಸುತ್ತೇವೆ, ಗೇಟಿನ ಇನ್ನೊಂದು ಕೀ ಒಬ್ಬರ ಹತ್ತಿರ ಮಾತ್ರ ಇರುತ್ತದೆ. ತಡರಾತ್ರಿಯ ಸಂಗತಿಯನ್ನು ಮುಚ್ಚಿಡದೆ ಎಣಿಕೆ ಸಮೇತ ಹೇಳಿದ್ದರಿಂದಲೇ ಮೇಷ್ಟ್ರು ಒಪ್ಪಿದರು. ಮೊದಲೇ ಗೊತ್ತಿರುವ ಎರಡು ರಾತ್ರಿಗಳ ಬಗ್ಗೆ ಜಗಳ ಹುಟ್ಟುವುದು ಕಡಿಮೆ. ಹೇಳದೇ ಬಂದ ಒಂದೇ ರಾತ್ರಿ ಸಾಕು, ಬಾಂಧವ್ಯ ಕೆಡಲು.

ಕೆಲಸದ ಹೊತ್ತಿಗೆ ಕಾನೂನಿನ ಮಿತಿಯೂ ಇದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರರ ಸಾಮಾನ್ಯ ದುಡಿಮೆಯನ್ನು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗೆ ಕಟ್ಟಿಹಾಕಿ ವಾರದ ರಜೆಯನ್ನೂ ವಿಧಿಸುತ್ತದೆ. ಹೆಣ್ಣುಮಕ್ಕಳನ್ನು ರಾತ್ರಿ ಕೆಲಸಕ್ಕೆ ಇಟ್ಟುಕೊಳ್ಳುವುದಾದರೆ ಪ್ರತ್ಯೇಕ ಷರತ್ತುಗಳಿವೆ. ಒಂಬತ್ತೂವರೆಯಿಂದ ಆರೂವರೆಯೊಳಗೆ ಊಟದ ಬಿಡುವನ್ನು ಕಳೆದರೆ ದಿನಕ್ಕೆ ಎಂಟು ಗಂಟೆ ದುಡಿಮೆ ಉಳಿಯುತ್ತದೆ, ಆರು ದಿನಕ್ಕೆ 48. ಮಾಲೀಕರಿಗೆ ಹೇಳಿದ ವೇಳೆ ಕಾಯ್ದೆಗೂ ಸರಿಹೊಂದಿತು.

ಹೊತ್ತಿನ ಪ್ರಶ್ನೆಯ ಹಿಂದೆಯೇ ಕರೆಂಟಿನ ಪ್ರಶ್ನೆ ಇರುತ್ತದೆ. ಜಾಗ ನೋಡಲು ಹೋದವರು ಹಳೆಯ ವಿದ್ಯುತ್ ಬಿಲ್ಲೊಂದನ್ನು ಕೇಳಿ ನೋಡಲೇಬೇಕು. ಆರ್.ಆರ್. ನಂಬರಿನ ಜೊತೆಗೆ ಮಂಜೂರಾದ ಲೋಡ್ ಎಷ್ಟು, ಸಂಪರ್ಕ ಗೃಹಬಳಕೆಯದೋ ವಾಣಿಜ್ಯದ್ದೋ ಎಂಬುದೆಲ್ಲ ಅದರಲ್ಲಿದೆ. ಇಲ್ಲಿ ಮಂಜೂರಾಗಿದ್ದದ್ದು 3 ಕಿಲೋವ್ಯಾಟ್. ಒಂದೂವರೆ ಟನ್ನಿನ ಎ.ಸಿ. ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಐದು ಲ್ಯಾಪ್‌ಟಾಪ್, ಫ್ಯಾನು, ದೀಪ ಎಲ್ಲ ಸೇರಿ ಇನ್ನೊಂದು 600 ವ್ಯಾಟ್. ಇಲ್ಲಿಗೆ ತೊಂದರೆಯಿಲ್ಲ. ಟೀ ಕಾಯಿಸಲು ಇಟ್ಟುಕೊಳ್ಳಬೇಕೆಂದಿದ್ದ ವಿದ್ಯುತ್ ಕೆಟಲ್ ಮತ್ತೆ ಒಂದೂವರೆ ಕಿಲೋವ್ಯಾಟ್. ಅದು ಸೇರಿದರೆ ಲೆಕ್ಕ 3.6 ಆಗುತ್ತದೆ. ಮಂಜೂರಾದದ್ದನ್ನು ಮೀರಿದರೆ ದಂಡ ಬರುವುದು ಮೀಟರು ಯಾರ ಹೆಸರಿನಲ್ಲಿದೆಯೋ ಅವರ ಬಿಲ್ಲಿಗೆ. ಯುವತಿ ಕೆಟಲ್ ಬಿಟ್ಟಳು. ಟೀ ಮೂಲೆ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಬರುತ್ತದೆ. ಸಂಪರ್ಕ ಗೃಹಬಳಕೆಯದಾಗಿದ್ದರೆ ಅದನ್ನು ವಾಣಿಜ್ಯಕ್ಕೆ ಬದಲಾಯಿಸುವ ಖರ್ಚು ಯಾರದೆಂದು ಅಡ್ವಾನ್ಸ್ ಕೊಡುವ ಮೊದಲೇ ತೀರ್ಮಾನವಾಗಬೇಕು.

ಇನ್ನು ಬಂದುಹೋಗುವವರು. “ಕ್ಲೈಂಟ್ಸ್ ಆಗಾಗ ಬರ್ತಾರೆ” ಎಂದರೆ ಮಾಲೀಕರಿಗೆ ಏನೂ ತಿಳಿಯುವುದಿಲ್ಲ. ಅವರು ಮನಸ್ಸಿನಲ್ಲಿ ಎಣಿಸುತ್ತಿರುವುದು ಸ್ಕೂಟರುಗಳನ್ನು, ಶೌಚಾಲಯದ ನೀರನ್ನು, ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಾತಾಡುವವರನ್ನು. ಈ ಕಂಪನಿಗೆ ಬರುವವರಲ್ಲಿ ಮುಖ್ಯರಾದವರು ಬಿಲ್ಲಿಂಗ್ ಕಲಿಯಲು ಬರುವ ಅಂಗಡಿಯವರು. ಸಂಜೆ ಅವರಿಗೂ ವ್ಯಾಪಾರದ ಹೊತ್ತು, ಕೆಳಗಿನ ಮೆಡಿಕಲ್ ಸ್ಟೋರಿಗೂ ಅದೇ ಹೊತ್ತಿನಲ್ಲಿ ಗಿರಾಕಿಗಳ ಗದ್ದಲ. ಹಾಗಾಗಿ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಒಂದು ಸಲಕ್ಕೆ ನಾಲ್ಕು ಜನ ಎಂದು ಗೊತ್ತುಮಾಡಿಕೊಂಡರು. ಗಾಡಿಗಳನ್ನು ಪಕ್ಕದ ಅಡ್ಡರಸ್ತೆಯಲ್ಲಿ ನಿಲ್ಲಿಸಲು ಮೊದಲೇ ಸಂದೇಶ ಕಳುಹಿಸುವ ಜವಾಬ್ದಾರಿ ಕಂಪನಿಯದು. ಮೆಡಿಕಲ್ ಸ್ಟೋರಿನವರ ಜೊತೆ ಯುವತಿಯೇ ಹೋಗಿ ಮಾತಾಡಿ ಬಂದಳು. ಇದು ಜಾಣತನದ ಕೆಲಸ, ಯಾಕೆಂದರೆ ಸ್ಕೂಟರು ಅಡ್ಡವಾದರೆ ಮೊದಲ ದೂರು ಹೊರಡುವುದು ಅಲ್ಲಿಂದಲೇ.

ಒಂದು ಬಗೆಯ ಭೇಟಿಯ ಬಗ್ಗೆ ಹೆಚ್ಚಿನವರು ಬಾಯಿ ಬಿಡುವುದಿಲ್ಲ. ಜಿ.ಎಸ್.ಟಿ. ನೋಂದಣಿಗೆ ಅರ್ಜಿ ಹಾಕಿದಾಗ ಅಧಿಕಾರಿಗಳು ಜಾಗದ ಖುದ್ದು ಪರಿಶೀಲನೆಗೆ ಬರಬಹುದು, ಫೋಟೋ ತೆಗೆದುಕೊಂಡು ಹೋಗಬಹುದು. ತೆರಿಗೆ ಇಲಾಖೆಯವರು ದಿಢೀರನೆ ಬಾಗಿಲಲ್ಲಿ ನಿಂತರೆ ವಯಸ್ಸಾದ ಮಾಲೀಕರು ಗಾಬರಿಯಾಗುವುದು ಸಹಜ. ಇದು ದಾಳಿಯಲ್ಲ, ನೋಂದಣಿಯ ಒಂದು ಹಂತ ಎಂದು ಮುಂಚೆಯೇ ಹೇಳಿಟ್ಟರೆ ಆ ಗಾಬರಿ ತಪ್ಪುತ್ತದೆ.

ಬೋರ್ಡಿನ ವಿಷಯದಲ್ಲಿ ಎರಡೂ ಕಡೆಯವರು ಎಡವುತ್ತಾರೆ. ಮಾಲೀಕರು, “ಮೊಬೈಲಲ್ಲೇ ಎಲ್ಲ ಹುಡುಕ್ತಾರಲ್ಲ, ಬೋರ್ಡ್ ಯಾಕೆ, ಬೇಡ ಬಿಡಿ” ಅನ್ನುತ್ತಾರೆ. ಜಾಗ ಸಿಕ್ಕರೆ ಸಾಕೆಂದು ಬಾಡಿಗೆದಾರರು ತಲೆಯಾಡಿಸಿಬಿಡುತ್ತಾರೆ. ಆದರೆ ಬೋರ್ಡ್ ಬಿಡುವ ಸ್ವಾತಂತ್ರ್ಯ ಕಂಪನಿಗೆ ಇಲ್ಲವೇ ಇಲ್ಲ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವ್ಯವಹಾರ ನಡೆಯುವ ಪ್ರತಿ ಜಾಗದ ಹೊರಗೂ ಕಂಪನಿಯ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸ ಎದ್ದು ಕಾಣುವಂತೆ ಇರಬೇಕು. ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲೂ ಇರಬೇಕೆಂದು ಆ ಕೇಂದ್ರ ಕಾಯ್ದೆಯೇ ಹೇಳುತ್ತದೆ. ಜಿ.ಎಸ್.ಟಿ. ನಿಯಮಗಳು ನೋಂದಣಿ ಸಂಖ್ಯೆಯನ್ನು ಪ್ರವೇಶದ್ವಾರದ ನಾಮಫಲಕದಲ್ಲಿ ಕೇಳುತ್ತವೆ. ಇದರ ಮೇಲೆ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ: ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲುಭಾಗದಲ್ಲಿರಬೇಕು. ಬೋರ್ಡ್ ಬೇಡವೆಂದು ಹಟ ಹಿಡಿಯುವ ಮಾಲೀಕರ ಜಾಗವನ್ನು ಕಂಪನಿಯೊಂದು ಕೈಬಿಡುವುದೇ ಸರಿ.

ನಮ್ಮ ಯುವತಿ ಮೇಷ್ಟ್ರ ಮುಂದೆ ಅಳತೆ ಹಾಕಿದ ಚಿತ್ರವನ್ನೇ ಇಟ್ಟಳು. ಬೋರ್ಡ್ ನಾಲ್ಕು ಅಡಿ ಅಗಲ, ಎರಡೂವರೆ ಅಡಿ ಎತ್ತರ, ಒಟ್ಟು ಹತ್ತು ಚದರಡಿ. ಅದರಲ್ಲಿ ಶೇಕಡ 60 ಎಂದರೆ ಆರು ಚದರಡಿ. ಮೇಲಿನ ಒಂದೂವರೆ ಅಡಿ ಪೂರ್ತಿ ಕನ್ನಡ. ಉಳಿದ ಒಂದಡಿಯಲ್ಲಿ ಇಂಗ್ಲಿಷ್ ಹೆಸರು, ಅದರ ಕೆಳಗೆ ಜಿ.ಎಸ್.ಟಿ. ಸಂಖ್ಯೆ. ವಿಳಾಸ ಕನ್ನಡದ ಭಾಗದಲ್ಲೇ ಸಣ್ಣ ಅಕ್ಷರದಲ್ಲಿ. ಬೋರ್ಡ್ ಬರೆಯುವವರಿಗೆ ಈ ಲೆಕ್ಕ ಮೊದಲೇ ಕೊಡದಿದ್ದರೆ ಲೋಗೋ ಮೇಲೆ ಕೂತು, ಕನ್ನಡ ಮೂಲೆಗೆ ಸರಿದು, ಮತ್ತೆ ಹೊಸದಾಗಿ ಮಾಡಿಸುವ ಖರ್ಚು ಬೀಳುತ್ತದೆ.

ಎಲ್ಲಿ ಹಾಕುವುದು ಎಂಬುದಕ್ಕೆ ಮೇಷ್ಟ್ರ ತಕರಾರು ಗೋಡೆಯದ್ದಾಗಿತ್ತು. ಹಿಂದಿನ ಬಾಡಿಗೆದಾರರು ಕೊರೆದ ತೂತಿನಿಂದ ಮಳೆನೀರು ಇಳಿದು ಒಳಗೋಡೆಯ ಬಣ್ಣ ಉಬ್ಬಿತ್ತು. ಹಾಗಾಗಿ ಹೊರಗೋಡೆ ಬಿಟ್ಟು, ಮೆಟ್ಟಿಲ ಬಾಗಿಲ ಮೇಲೆ ಛಜ್ಜದ ನೆರಳಿನಲ್ಲಿ ದೊಡ್ಡ ಬೋರ್ಡ್, ಆಫೀಸಿನ ಬಾಗಿಲಿಗೆ ಒಂದು ಚಿಕ್ಕ ಫಲಕ ಎಂದಾಯಿತು. ದೀಪದ ತಂತಿ ಕಂಪನಿಯ ಮೀಟರಿನಿಂದಲೇ ಬರಬೇಕು, ರಾತ್ರಿ ಒಂಬತ್ತಕ್ಕೆ ಟೈಮರಿನಲ್ಲಿ ಆರಬೇಕು, ಖಾಲಿ ಮಾಡುವಾಗ ತೂತು ಮುಚ್ಚಿ ಬಣ್ಣ ಹಚ್ಚಿಕೊಡಬೇಕು. ಬೇರೆ ಬ್ರಾಂಡಿನ ಜಾಹೀರಾತು ಇರುವ ಪುಕ್ಕಟೆ ಬೋರ್ಡ್ ಬೇಡ ಎಂದೂ ಬರೆದುಕೊಂಡರು. ಪಾಲಿಕೆಯ ಅನುಮತಿ, ಶುಲ್ಕಗಳ ಪ್ರಶ್ನೆ ಎದ್ದರೆ ಪೇಚಿಗೆ ಸಿಕ್ಕುವವರು ಕಟ್ಟಡದ ಮಾಲೀಕರೂ ಹೌದು.

ಇಷ್ಟನ್ನೆಲ್ಲ ಕರಾರುಪತ್ರದಲ್ಲಿ ಬರೆಯಬೇಕಾದ ಕಾರಣ ಸರಳ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವಾಣಿಜ್ಯ ಜಾಗಗಳಲ್ಲಿ ರಕ್ಷಣೆ ಕೊಡುವುದು 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರದ ಸಣ್ಣ ಮಳಿಗೆಗಳಿಗೆ. 380 ಚದರಡಿಯ ಆಫೀಸು ಅದರ ಹೊರಗೆ. ಆಮೇಲೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಇಂಥ ಬಾಡಿಗೆ ತಿಂಗಳಿಂದ ತಿಂಗಳಿಗೆ ಎಂದು ಲೆಕ್ಕ, 15 ದಿನದ ನೋಟಿಸು ಕೊಟ್ಟು ಬಿಡಿಸಬಹುದು. ಐದು ಮೇಜು, ಇಂಟರ್‌ನೆಟ್ ಸಂಪರ್ಕ, ಹೊಸ ಬೋರ್ಡ್ ಎಲ್ಲ ಹಾಕಿಕೊಂಡವರಿಗೆ ಹದಿನೈದು ದಿನ ಏನೇನೂ ಸಾಲದು. ಮೂರು ತಿಂಗಳ ನೋಟಿಸು ಎಂದು ಎರಡೂ ಕಡೆಗೆ ಬರೆಸಿಕೊಂಡರೆ ಉಸಿರಾಡಲು ಜಾಗ ಸಿಗುತ್ತದೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಹನ್ನೊಂದು ತಿಂಗಳ ಕರಾರು ಇಷ್ಟೊಂದು ಚಾಲ್ತಿಯಲ್ಲಿರುವುದು ಅದಕ್ಕೇ.

ಕೊನೆಗೆ ಮೇಷ್ಟ್ರು ತಡವರಿಸುತ್ತಲೇ ಕೇಳಿದ ಒಂದು ಪ್ರಶ್ನೆ ಇತ್ತು. “ನಿಮ್ಮ ಕಂಪನಿ ನಮ್ಮನೆ ವಿಳಾಸದಲ್ಲಿ ರಿಜಿಸ್ಟರ್ ಆದ್ರೆ, ನೀವು ಹೋದ್ಮೇಲೂ ಕಾಗದ ಪತ್ರ ಇಲ್ಲಿಗೇ ಬರ್ತಾ ಇರುತ್ತೇನಮ್ಮಾ?” ಇದು ನ್ಯಾಯವಾದ ಆತಂಕ. ನೋಂದಾಯಿತ ಕಚೇರಿಗಾಗಿ ಬಾಡಿಗೆ ಕರಾರು, ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲು, ಮಾಲೀಕರ ಒಪ್ಪಿಗೆ ಪತ್ರ ಮೂರನ್ನೂ ಕಂಪನಿ ಸಲ್ಲಿಸಬೇಕಾಗುತ್ತದೆ. ಹಾಗೆ ಸಹಿ ಹಾಕಿಕೊಟ್ಟ ಮಾಲೀಕರು ಮುಂದಿನದನ್ನು ಕೇಳುವುದು ಸರಿಯೇ. ವಿಳಾಸ ಬದಲಾದರೆ ಕಂಪನಿ 30 ದಿನದೊಳಗೆ INC-22 ನಮೂನೆಯಲ್ಲಿ ತಿಳಿಸಬೇಕು, ಜಿ.ಎಸ್.ಟಿ. ನೋಂದಣಿಯಲ್ಲಿ 15 ದಿನದೊಳಗೆ ತಿದ್ದಿಸಬೇಕು. ಯುವತಿ ಇದನ್ನು ಕರಾರಿಗೇ ಸೇರಿಸಿದಳು: ಜಾಗ ಬಿಟ್ಟ ಮೇಲೆ ಈ ಎರಡು ಬದಲಾವಣೆಗಳ ರಸೀದಿ ತಂದುಕೊಡುವವರೆಗೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯಷ್ಟು, 14,000 ರೂಪಾಯಿ, ಮೇಷ್ಟ್ರ ಬಳಿಯೇ ಉಳಿಯುತ್ತದೆ. ಬಾಕಿ 70,000ವನ್ನು ಕೀ ಒಪ್ಪಿಸಿದ ದಿನವೇ ಅವರು ಹಿಂತಿರುಗಿಸಬೇಕು.